ಮುಚ್ಚಿದ ಕಣ್ಣು ತೆರೆಸಬೇಕು, ಮುಖ ಮಾತ್ರ ಬದಲಾಗಬಾರದು: ಇನ್‌ಪೇಂಟಿಂಗ್‌ನಲ್ಲಿ ನನ್ನ ಅನುಭವ

ಮದುವೆಯೊಂದರ ಗುಂಪು ಫೋಟೋದಲ್ಲಿ ನಮ್ಮ ಚಿಕ್ಕಮ್ಮನವರ ಕಣ್ಣುಗಳು ಮಾತ್ರ ಮುಚ್ಚಿದ್ದವು. ಅವರ ಒಪ್ಪಿಗೆ ಪಡೆದು ಅದನ್ನು ಸರಿಪಡಿಸಲು ಕುಳಿತೆ. ಫೋಟೋದ ಅಗಲ ಸುಮಾರು 3000 ಪಿಕ್ಸೆಲ್, ಅದರಲ್ಲಿ ಅವರ ಮುಖದ ಎತ್ತರ 400, ಎರಡೂ ಕಣ್ಣುಗಳು ಸೇರಿದ ಪಟ್ಟಿ 200ಕ್ಕೆ 70 ಪಿಕ್ಸೆಲ್. ಬಳಸಿದ್ದು ಚಿತ್ರದ ಆಯ್ದ ಭಾಗವನ್ನಷ್ಟೇ ಹೊಸದಾಗಿ ಬಿಡಿಸುವ ಎಐ, ಸ್ಟೇಬಲ್ ಡಿಫ್ಯೂಷನ್ 1.5ರ ಇನ್‌ಪೇಂಟಿಂಗ್ ಮಾದರಿ, ಮತ್ತು ಅದನ್ನು ನಡೆಸುವ ಆಟೊಮ್ಯಾಟಿಕ್1111 ವೆಬ್‌ಯುಐ.

ಈ ಮಾದರಿ ಚಿತ್ರವನ್ನು ನೇರವಾಗಿ ಪಿಕ್ಸೆಲ್‌ಗಳಲ್ಲಿ ತಿದ್ದುವುದಿಲ್ಲ; ಉದ್ದಗಲಗಳಲ್ಲಿ ಎಂಟರ ಒಂದು ಪಾಲಿಗೆ ಕುಗ್ಗಿಸಿದ ಲೇಟೆಂಟ್ ರೂಪದಲ್ಲಿ ತಿದ್ದುತ್ತದೆ. ಹಾಗಾಗಿ ಇಡೀ ಫೋಟೋವನ್ನು 768 ಪಿಕ್ಸೆಲ್ ಅಗಲಕ್ಕೆ ಇಳಿಸಿ Whole picture ಆಯ್ಕೆಯಲ್ಲಿ ಕೆಲಸ ಮಾಡಿಸಿದರೆ ಎರಡು ಕಣ್ಣುಗಳ ಪಟ್ಟಿಗೆ ಅಡ್ಡಲಾಗಿ ಆರೇ ಮನೆಗಳು ಸಿಗುತ್ತವೆ, ಅಷ್ಟರಲ್ಲಿ ರೆಪ್ಪೆ, ಪಾಪೆಗಳು ಮೂಡುವುದು ಸಾಧ್ಯವಿಲ್ಲ. Only masked ಆಯ್ಕೆ, ತಿದ್ದಲೆಂದು ನಾವು ಕುಂಚದಿಂದ ಬಳಿದ ಮಾಸ್ಕ್ ಇರುವ ಭಾಗವನ್ನಷ್ಟೇ ಕತ್ತರಿಸಿ, ಹಿಗ್ಗಿಸಿ, ತಿದ್ದಿ, ಮತ್ತೆ ಅದೇ ಜಾಗದಲ್ಲಿ ಕೂರಿಸುತ್ತದೆ. ಗುಂಪು ಫೋಟೋಗಳಿಗೆ ಇದೇ ದಾರಿ.

ಆದರೆ ಕತ್ತರಿಸಿದ ತುಂಡಿನ ಆಚೆಗೆ ಮಾದರಿಗೆ ಏನೂ ಕಾಣುವುದಿಲ್ಲ. Only masked padding, pixels ಎಂಬುದರ ಮೂಲ ಬೆಲೆ 32; ಅಷ್ಟಕ್ಕೇ ಬಿಟ್ಟಾಗ ಅದಕ್ಕೆ ಕಂಡದ್ದು ಹುಬ್ಬು ಮತ್ತು ಮೂಗಿನ ಆಸುಪಾಸು ಮಾತ್ರ, ಆದ್ದರಿಂದ ಮೂಡಿದ ಕಣ್ಣುಗಳ ನೋಟ ಮುಖದ ಓರೆಗೆ ಹೊಂದಲಿಲ್ಲ. ಪ್ರಾಂಪ್ಟ್‌ನಲ್ಲಿ ಇಡೀ ವ್ಯಕ್ತಿಯ ವರ್ಣನೆ ಇದ್ದರಂತೂ ಮಾಸ್ಕ್‌ನೊಳಗೆ ಪುಟ್ಟದೊಂದು ಮುಖವೇ ಮೂಡುವ ಅಪಾಯವಿದೆ. ಪ್ಯಾಡಿಂಗನ್ನು 110ಕ್ಕೆ ಏರಿಸಿದೆ. ಆಗ ತುಂಡು ಸುಮಾರು 420 ಪಿಕ್ಸೆಲ್‌ನ ಚೌಕವಾಗಿ, ಮುಖ ಬಹುಪಾಲು ಅದರೊಳಗೆ ಬಂತು. ಅದನ್ನು 768ಕ್ಕೆ ಹಿಗ್ಗಿಸಿದಾಗ ಕಣ್ಣುಗಳಿಗೂ ಸಾಕಷ್ಟು ಜಾಗ ದೊರೆಯಿತು. ಪ್ಯಾಡಿಂಗ್ ಹೆಚ್ಚಿಸಿದರೆ ತಿದ್ದುವ ಪ್ರದೇಶ ದೊಡ್ಡದಾಗುತ್ತದೆಂದು ಹಲವರು ಅಂಜುತ್ತಾರೆ; ಹಾಗಾಗದು, ಅದು ಮಾದರಿ ನೋಡುವ ಪ್ರದೇಶವೇ ಹೊರತು ಬದಲಾಯಿಸುವ ಪ್ರದೇಶವಲ್ಲ.

ಬದಲಾಗುವುದು ಮಾಸ್ಕ್‌ನೊಳಗಿನದು, ಹಾಗಾಗಿ ಕುಂಚವನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಮುಖ್ಯ. ರೆಪ್ಪೆಗೂದಲಿನ ಗೆರೆಗೆ ಅಂಟಿಕೊಂಡಂತೆ ಬಳಿದರೆ ತೆರೆದ ರೆಪ್ಪೆ ಮಡಚಿಕೊಳ್ಳಲು ಜಾಗವಿಲ್ಲದೆ ಕಣ್ಣು ಸೀಳಿನಂತಾಗುತ್ತದೆ. ಹಣೆಯಿಂದ ಕೆನ್ನೆಯವರೆಗೆ ಬಳಿದರೆ ಹುಬ್ಬುಗಳ ಅಂತರ, ಮೂಗಿನ ಸೇತುವೆ, ಕೆನ್ನೆಯ ಉಬ್ಬು ಎಲ್ಲವೂ ಹೊಸದಾಗುತ್ತವೆ, ಮತ್ತು ಒಬ್ಬರನ್ನು ನಾವು ಗುರುತಿಸುವುದು ಬಹುಮಟ್ಟಿಗೆ ಇವುಗಳಿಂದಲೇ. ನಾನು ಪ್ರತಿ ಕಣ್ಣಿನ ಮೇಲೂ ಹುಬ್ಬಿನ ಕೂದಲಿಗೆ ತುಸು ಕೆಳಗಿನಿಂದ ಕೆಳರೆಪ್ಪೆಯ ಬುಡದವರೆಗೆ ಬಳಿದು, ಮೂಗಿನ ಸೇತುವೆಯನ್ನು ಮುಟ್ಟದೆ ಬಿಟ್ಟೆ. ಎರಡೂ ಕಣ್ಣುಗಳನ್ನು ಒಂದೇ ಸಲಕ್ಕೆ ತಿದ್ದಿಸಬೇಕು, ಬೇರೆಬೇರೆಯಾಗಿ ಮಾಡಿದರೆ ನೋಟ ಎರಡು ದಿಕ್ಕಿಗೆ ಹೋಗುತ್ತದೆ. Mask blur 6 ಇಟ್ಟೆ; 20ರ ಆಸುಪಾಸಿಗೆ ಹೋದರೆ ಅಂಚು ಹುಬ್ಬಿನೊಳಕ್ಕೆ ಹರಡಿಕೊಳ್ಳುತ್ತದೆ.

ಇನ್ನು Denoising strength. ಮೂಲ ಚಿತ್ರಕ್ಕೆ ಎಷ್ಟು ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು, ಬೆರೆಸಿ ಅಲ್ಲಿಂದ ಮರಳಿ ಬರಬೇಕೆಂಬುದನ್ನು ಇದು ನಿರ್ಧರಿಸುತ್ತದೆ. ಗದ್ದಲ ಹೆಚ್ಚಿರುವ ಮೊದಲ ಹಂತಗಳಲ್ಲಿ ಆಕಾರ ತೀರ್ಮಾನವಾಗುತ್ತದೆ, ಕೊನೆಯ ಹಂತಗಳಲ್ಲಿ ಚರ್ಮದ ನಯದಂತಹ ಸೂಕ್ಷ್ಮಗಳು ಕೂಡುತ್ತವೆ. Masked content ಅನ್ನು original ಎಂದೂ ಆ ಗದ್ದಲವನ್ನು ನಿರ್ಧರಿಸುವ ಬೀಜಸಂಖ್ಯೆಯನ್ನು ಸ್ಥಿರವಾಗಿಯೂ ಇಟ್ಟು, X/Y/Z plot ಮೂಲಕ 0.35ರಿಂದ 0.75ರವರೆಗಿನ ಫಲಿತಾಂಶಗಳನ್ನು ಸಾಲಾಗಿ ನೋಡಿದೆ. 0.35ರಲ್ಲಿ ರೆಪ್ಪೆ ಮುಚ್ಚಿಯೇ ಇತ್ತು, ಚರ್ಮ ಮಾತ್ರ ನುಣುಪಾಯಿತು. 0.55ರ ಸುಮಾರಿಗೆ ಕಣ್ಣು ಅರೆತೆರೆಯಿತು. 0.65ಕ್ಕೆ ಪೂರ್ತಿ ತೆರೆಯಿತು, ಆದರೆ ಅದು ಬೇರೊಬ್ಬರ ಕಣ್ಣು. ಚಿಕ್ಕಮ್ಮನವರ ಮಗಳು ನೋಡಿದೊಡನೆ, “ಇದು ಅಮ್ಮ ಅಲ್ಲ, ಅಮ್ಮನ ಅಕ್ಕ ಇರಬಹುದು” ಎಂದಳು. ಅವಳ ಆಕ್ಷೇಪ ನ್ಯಾಯವಾದದ್ದೇ, ಏಕೆಂದರೆ ಅವರ ಕಣ್ಣು ಹೇಗಿದೆಯೆಂದು ಮಾದರಿಗೆ ಗೊತ್ತಿರಲು ಸಾಧ್ಯವಿಲ್ಲ.

ಆದ್ದರಿಂದ ಆಕಾರವನ್ನು ನಾನೇ ಕೊಟ್ಟೆ. ಅದೇ ದಿನ ತೆಗೆದ ಇನ್ನೊಂದು ಫೋಟೋದಿಂದ ಅವರ ತೆರೆದ ಕಣ್ಣುಗಳನ್ನು ಜಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶದಲ್ಲಿ ಕತ್ತರಿಸಿ, ಅಳತೆಗೂ ಓರೆಗೂ ಹೊಂದಿಸಿ, ಅಂಚಿನ ಒರಟುತನವನ್ನು ಲೆಕ್ಕಿಸದೆ ಈ ಫೋಟೋದ ಮೇಲೆ ಅಂಟಿಸಿದೆ. ಬಳಿಕ ಅದೇ ಮಾಸ್ಕ್‌ನಲ್ಲಿ 0.3 ಸಾಕಾಯಿತು, ಏಕೆಂದರೆ ಇನ್ನು ಮಾದರಿಗೆ ಉಳಿದದ್ದು ಬೆಳಕನ್ನೂ ಅಂಚನ್ನೂ ಬೆಸೆಯುವ ಕೆಲಸವಷ್ಟೇ. 0.4 ದಾಟಿಸಿದರೆ ಪಾಪೆಯ ಹೊಳಪು, ರೆಪ್ಪೆಯ ಮಡಿಕೆ ಮತ್ತೆ ಮಾದರಿಯ ಇಷ್ಟದಂತೆ ಬದಲಾಗತೊಡಗಿದವು.

ತಲೆಯ ಉಳಿದ ಭಾಗ ನಿಜವಾಗಿಯೂ ಹಾಗೆಯೇ ಇದೆಯೇ ಎಂಬುದನ್ನು ಕಣ್ಣಳತೆಗೆ ಬಿಡಬಾರದು. ಮೂಲವನ್ನೂ ಫಲಿತಾಂಶವನ್ನೂ ಜಿಂಪ್‌ನಲ್ಲಿ ಒಂದರ ಮೇಲೊಂದಿಟ್ಟು ಮೇಲಿನ ಲೇಯರನ್ನು Difference ಮೋಡ್‌ಗೆ ಬದಲಿಸಿದರೆ ಕಣ್ಣುಗಳ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರಬೇಕು. ತಲೆಯ ಸುತ್ತ ತೆಳುವಾದ ಗೆರೆ ಕಂಡರೆ ಚಿತ್ರದ ಅಳತೆ ಎಲ್ಲೋ ಬದಲಾಗಿದೆ. ಮುಖವೆಲ್ಲ ಮಸುಕಾಗಿ ಬೆಳಗಿದರೆ ತಿದ್ದಿದ ತುಂಡು ಮೂಲದ ಮೇಲೆ ಮಾಸ್ಕ್ ಮೂಲಕ ಕೂಡಿಕೊಂಡಿಲ್ಲ. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ತಂತ್ರಾಂಶವಾದ ಕಂಫಿಯುಐನಲ್ಲಿ ಕೆಲಸ ಮಾಡುವವರು ಎರಡನೆಯದನ್ನು ತಪ್ಪಿಸಲು ಕೊನೆಯಲ್ಲಿ ImageCompositeMasked ನೋಡ್ ಸೇರಿಸಿಕೊಳ್ಳಬೇಕು, ಇಲ್ಲವಾದರೆ ಮುಟ್ಟದ ಭಾಗವೂ ಲೇಟೆಂಟ್‌ಗೆ ಹೋಗಿ ಬರುವಾಗ ತುಸು ಬದಲಾಗಿರುತ್ತದೆ.