ಎರಡು ಲಕ್ಷದಲ್ಲಿ ನೇರ ಷೇರಿಗೆ ಎಷ್ಟು?

ಕಾಫಿ ಮಾರಿದ ಹಣದಲ್ಲಿ ಎರಡು ಲಕ್ಷ ರೂಪಾಯಿಯನ್ನು ಷೇರು ಮಾರುಕಟ್ಟೆಯಲ್ಲಿ ತೊಡಗಿಸಲು ಯೋಚಿಸುತ್ತಿರುವ ಮೂಡಿಗೆರೆ, ಸಕಲೇಶಪುರದ ಕಡೆಯ ಬೆಳೆಗಾರರು ನೇರವಾಗಿ ಆರಿಸುವ ಷೇರುಗಳಿಗೆ 30,000 ರೂಪಾಯಿಗಿಂತ ಹೆಚ್ಚು ಇಡಬಾರದೆಂಬುದು ನನ್ನ ಅಭಿಪ್ರಾಯ. ಉಳಿದ 1,70,000 ರೂಪಾಯಿ ನಿಫ್ಟಿ 50 ಸೂಚ್ಯಂಕ ಫಂಡ್‌ನಂಥ, ಹಲವು ಉದ್ಯಮಗಳಿಗೆ ಹಂಚಿಹೋಗುವ ಫಂಡ್‌ಗೆ ಹೋಗಲಿ.

ಆ 30,000 ರೂಪಾಯಿಯನ್ನು ಮೂರು ಕಂಪನಿಗಳಿಗೆ ತಲಾ ಹತ್ತು ಸಾವಿರದಂತೆ ಹಂಚಿದರೆ, ಒಂದರ ಬೆಲೆ ಅರ್ಧಕ್ಕೆ ಕುಸಿದರೂ ನಷ್ಟ 5,000 ರೂಪಾಯಿ, ಅಂದರೆ ಒಟ್ಟು ಮೊತ್ತದ ಶೇ. 2.5 ಮಾತ್ರ. ಅದರ ಬದಲು ಎರಡು ಲಕ್ಷದಲ್ಲಿ ಒಂದು ಲಕ್ಷವನ್ನು ಆ ಒಂದೇ ಕಂಪನಿಗೆ ಹಾಕಿದ್ದರೆ 50,000 ರೂಪಾಯಿ, ಗಂಟಿನ ಕಾಲುಭಾಗವೇ ಕರಗುತ್ತಿತ್ತು.

ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ, ಬಲ್ಲ ವ್ಯವಹಾರವೆಂಬ ಧೈರ್ಯದಿಂದ ಕಾಫಿ ತೋಟಗಳಿರುವ ಕಂಪನಿಯ ಷೇರನ್ನೇ ಕೊಳ್ಳುವುದು. ರೋಬಸ್ಟಾ ಬೆಲೆ ಬಿದ್ದ ವರ್ಷ, ಅಥವಾ ಹೂಮಳೆ ಕೈಕೊಟ್ಟ ವರ್ಷ, ನಮ್ಮ ಬೆಳೆಗೂ ಆ ಷೇರಿಗೂ ಒಟ್ಟಿಗೇ ಪೆಟ್ಟು ಬೀಳಬಹುದು. ಹಣದ ತೀರಾ ಅಗತ್ಯವಿರುವಾಗಲೇ ನಷ್ಟಕ್ಕೆ ಮಾರಬೇಕಾಗುತ್ತದೆ. ಬೀಜವನ್ನು ಕೊಂಡು ಪುಡಿ ಮಾಡಿ ಮಾರುವ ಕಂಪನಿಯ ಲೆಕ್ಕ ಬೇರೆ, ಅದಕ್ಕೆ ಅಗ್ಗದ ಬೀಜ ಲಾಭವೂ ಆಗಬಹುದು. ಆದರೂ ಮೂರೂ ಷೇರುಗಳನ್ನು ಕಾಫಿಯ ಹೊರಗೆ ಆರಿಸುವುದೇ ಕ್ಷೇಮ.

ಪ್ರತಿ ಮಾರ್ಚ್ ಕೊನೆಗೆ ಡಿವಿಡೆಂಡ್ ಸೇರಿಸಿ, ಶುಲ್ಕ ಕಳೆದು, ಷೇರುಗಳ ಗಳಿಕೆಯನ್ನು ಫಂಡ್‌ನ ಗಳಿಕೆಯ ಪಕ್ಕದಲ್ಲಿ ಬರೆದಿಡಿ. ಮೂರು ವರ್ಷ ಸತತವಾಗಿ ಷೇರುಗಳು ಹಿಂದೆಬಿದ್ದರೆ, ಹೊಸ ಹಣವನ್ನೆಲ್ಲ ಫಂಡ್‌ಗೇ ಕಳಿಸಿ.