ಡಿವಿಡೆಂಡ್ ಬಂದರೆ ಹೂಡಿಕೆ ಕರಗಬೇಕು: ಅಸೋಸಿಯೇಟ್ ಕಂಪನಿಯ ಲೆಕ್ಕ ಬರೆಯುವುದು ಹೇಗೆ?

ಇನ್ನೊಂದು ಕಂಪನಿಯ 30% ಷೇರು ನಿಮ್ಮ ಕಂಪನಿಯ ಕೈಯಲ್ಲಿದೆ. ಅದು ಈ ವರ್ಷ 40 ಲಕ್ಷ ಲಾಭ ಮಾಡಿತು, 15 ಲಕ್ಷ ಡಿವಿಡೆಂಡ್ ಹಂಚಿತು. ಅದರಲ್ಲಿ ನಾಲ್ಕೂವರೆ ಲಕ್ಷ ನಿಮ್ಮ ಬ್ಯಾಂಕ್ ಖಾತೆಗೆ ಬಂತು. ಈ ಹೂಡಿಕೆಯಿಂದ ನಿಮಗಾದ ಆದಾಯ ಎಷ್ಟು? ನಾಲ್ಕೂವರೆ ಲಕ್ಷ ಅನ್ನುವವರಿದ್ದಾರೆ. ಲಾಭದ 30% ಲೆಕ್ಕ ಹಾಕಿ 12 ಲಕ್ಷ ಅನ್ನುವವರಿದ್ದಾರೆ. ಎರಡನ್ನೂ ಕೂಡಿಸಿ ಹದಿನಾರೂವರೆ ಲಕ್ಷ ಬರೆದಿಡುವವರೂ ಸಿಗುತ್ತಾರೆ. ಕೆಳಗಿನ ಉದಾಹರಣೆಯಲ್ಲಿ ಸರಿಯಾದ ಉತ್ತರ ಇವು ಮೂರೂ ಅಲ್ಲ, 10.2 ಲಕ್ಷ. ಈ ಉತ್ತರ ಕೊಡುವ ಲೆಕ್ಕದ ದಾರಿಗೆ ಈಕ್ವಿಟಿ ವಿಧಾನ ಎಂದು ಹೆಸರು. ಅದು ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲು, ಈ ವಿಧಾನ ಅನ್ವಯಿಸುತ್ತದೆಯೇ?

ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 28ರ ಪ್ರಕಾರ, ಒಂದು ಕಂಪನಿಯ ಮೇಲೆ ನಿಮಗೆ ಗಣನೀಯ ಪ್ರಭಾವ ಇದ್ದರೆ ಅದು ನಿಮ್ಮ ಅಸೋಸಿಯೇಟ್. ಮತಾಧಿಕಾರ 20% ಅಥವಾ ಹೆಚ್ಚಿದ್ದರೆ ಪ್ರಭಾವ ಇದೆ ಎಂದೇ ಭಾವಿಸಲಾಗುತ್ತದೆ. ಇಲ್ಲವೆಂದು ತೋರಿಸುವ ಹೊಣೆ ನಿಮ್ಮದು. 20%ಕ್ಕಿಂತ ಕಡಿಮೆಯಿದ್ದರೆ ಇದು ತಿರುಗುಮುರುಗು. ಆದರೆ ಬರೀ ಶೇಕಡಾವಾರು ನೋಡಿ ಕೂರಬೇಡಿ. 15% ಷೇರಿದ್ದು ನಿರ್ದೇಶಕ ಮಂಡಳಿಯಲ್ಲಿ ನಿಮ್ಮವರೊಬ್ಬರು ಕೂತಿದ್ದರೆ, ಆ ಕಂಪನಿ ನಿಮ್ಮ ತಾಂತ್ರಿಕ ನೆರವಿಲ್ಲದೆ ನಡೆಯದಂತಿದ್ದರೆ, ಪ್ರಭಾವ ಇದೆ ಎನ್ನಲು ಅದೇ ಸಾಕಾಗಬಹುದು. ಪ್ರಭಾವ ದಾಟಿ ಹಿಡಿತವೇ ಸಿಕ್ಕಿಬಿಟ್ಟರೆ ಅದು ಅಂಗಸಂಸ್ಥೆ; ಅದರ ಲೆಕ್ಕದ ದಾರಿಯೇ ಬೇರೆ.

ಕೊಂಡ ದಿನವೇ ಬೆಲೆಯನ್ನು ಬಿಡಿಸಿಡಿ

ವರ್ಷದ ಮೊದಲ ದಿನ 30% ಷೇರನ್ನು 90 ಲಕ್ಷಕ್ಕೆ ಕೊಂಡಿರಿ ಎಂದಿಟ್ಟುಕೊಳ್ಳಿ. ಮುಂದಿನ ಅಂಕಿಗಳೆಲ್ಲ ಲಕ್ಷಗಳಲ್ಲಿ. ಅಂದು ಆ ಕಂಪನಿಯ ನಿವ್ವಳ ಆಸ್ತಿಯ ಪುಸ್ತಕ ಮೌಲ್ಯ 240. ಅದರ ಒಂದು ಯಂತ್ರದ ನ್ಯಾಯಯುತ ಮೌಲ್ಯ ಪುಸ್ತಕದಲ್ಲಿರುವುದಕ್ಕಿಂತ 20 ಹೆಚ್ಚು, ಆ ಯಂತ್ರಕ್ಕೆ ಇನ್ನೂ 5 ವರ್ಷ ಆಯುಷ್ಯವಿದೆ.

ನೀವು ಕೊಟ್ಟ 90ರಲ್ಲಿ ಪುಸ್ತಕದ ಆಸ್ತಿಗೆ ಸಂದದ್ದು 240ರ 30%, ಅಂದರೆ 72. ಯಂತ್ರದ ಹೆಚ್ಚುವರಿ ಮೌಲ್ಯಕ್ಕೆ 20ರ 30%, ಅಂದರೆ 6. ಉಳಿದ 12 ಗುಡ್‌ವಿಲ್. (ಮುಂದೂಡಿದ ತೆರಿಗೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.) ಬ್ಯಾಲೆನ್ಸ್ ಶೀಟ್‌ನಲ್ಲಿ ಈ ಮೂರೂ ಬೇರೆ ಬೇರೆಯಾಗಿ ಕಾಣುವುದಿಲ್ಲ, 'ಅಸೋಸಿಯೇಟ್‌ನಲ್ಲಿ ಹೂಡಿಕೆ 90' ಎಂಬ ಒಂದೇ ಸಾಲು. ಹಾಗಂತ ಬಿಡಿಸುವ ಕೆಲಸವನ್ನು ಮುಂದಕ್ಕೆ ಹಾಕಿದರೆ ವರ್ಷಾಂತ್ಯಕ್ಕೆ ಕೈಕಟ್ಟಿ ಕೂರಬೇಕಾಗುತ್ತದೆ. ಯಂತ್ರದ 6 ಸವೆಯುತ್ತ ಹೋಗುತ್ತದೆ, ಗುಡ್‌ವಿಲ್‌ನ 12 ಸವೆಯುವುದಿಲ್ಲ. ಯಾವುದು ಎಷ್ಟು ಎಂದು ಗೊತ್ತಿಲ್ಲದೆ ಲಾಭದ ಪಾಲು ಸರಿಹೋಗದು.

ಲಾಭದ ಪಾಲು: 12 ಯಾಕೆ 10.2 ಆಗುತ್ತದೆ

ಅಸೋಸಿಯೇಟ್‌ನ ತೆರಿಗೆ ಕಳೆದ ಲಾಭ 40. ನಿಮ್ಮ 30% ಪಾಲು 12. ಇದರಿಂದ ಎರಡು ಬಾಬ್ತು ಕಳೆಯಬೇಕು.

ಮೊದಲನೆಯದು ಯಂತ್ರದ ಸವಕಳಿ. ಅಸೋಸಿಯೇಟ್ ತನ್ನ ಹಳೆಯ ಪುಸ್ತಕ ಮೌಲ್ಯದ ಮೇಲೆ ಸವಕಳಿ ಬರೆದಿದೆ. ನೀವು ಮಾತ್ರ ಯಂತ್ರಕ್ಕೆ ಹೆಚ್ಚು ಬೆಲೆ ತೆತ್ತಿದ್ದೀರಿ. ಹೆಚ್ಚುವರಿ 20ನ್ನು 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 4, ಅದರಲ್ಲಿ ನಿಮ್ಮ ಪಾಲು 1.2.

ಎರಡನೆಯದು ನಿಮ್ಮಿಬ್ಬರ ನಡುವಿನ ವ್ಯಾಪಾರ. ಅಸೋಸಿಯೇಟ್ ನಿಮಗೆ ಮಾರಿದ ಸರಕಿನಲ್ಲಿ ಒಂದಷ್ಟು ವರ್ಷದ ಕೊನೆಗೂ ನಿಮ್ಮ ಗೋದಾಮಿನಲ್ಲೇ ಉಳಿದಿದೆ, ಆ ದಾಸ್ತಾನಿನೊಳಗೆ ಅಸೋಸಿಯೇಟ್ ಇಟ್ಟುಕೊಂಡ ಲಾಭ 2 ಇದೆ ಎನ್ನಿ. ಸರಕು ಹೊರಗಿನವರ ಕೈಸೇರುವವರೆಗೆ ಅದರಲ್ಲಿ ನಿಮ್ಮ ಪಾಲಿನ ಲಾಭ ನಿಜವಾದ ಲಾಭವಲ್ಲ. ಕಳೆಯಬೇಕಾದದ್ದು ಇಡೀ 2 ಅಲ್ಲ, 30% ಮಾತ್ರ, ಅಂದರೆ 0.6. ಅಂಗಸಂಸ್ಥೆಯ ಲೆಕ್ಕ ಮಾಡಿ ಕೈ ಪಳಗಿದವರು ಅಭ್ಯಾಸಬಲದಿಂದ ಪೂರ್ತಿ 2ನ್ನೂ ಕಳೆದುಬಿಡುವುದುಂಟು. ಈ 0.6ನ್ನು ಕೆಲವರು ದಾಸ್ತಾನಿನಿಂದ ಕಳೆಯುತ್ತಾರೆ, ಕೆಲವರು ಹೂಡಿಕೆಯಿಂದ. ನಾವು ಹೂಡಿಕೆಯಿಂದಲೇ ಕಳೆಯೋಣ. ಯಾವುದನ್ನು ಹಿಡಿದರೂ ವರ್ಷವರ್ಷಕ್ಕೆ ಬದಲಿಸಬೇಡಿ.

12ರಿಂದ 1.2 ಮತ್ತು 0.6 ಕಳೆದರೆ 10.2. ಜರ್ನಲ್ ನಮೂದು: ಹೂಡಿಕೆ ಖಾತೆಗೆ ಡೆಬಿಟ್ 10.2, ಅಸೋಸಿಯೇಟ್ ಲಾಭದ ಪಾಲಿಗೆ ಕ್ರೆಡಿಟ್ 10.2. ಲಾಭ-ನಷ್ಟ ಪಟ್ಟಿಯಲ್ಲಿ ಇದು ಒಂದೇ ಸಾಲಾಗಿ ಬರುತ್ತದೆ. ಅಸೋಸಿಯೇಟ್‌ನ ಮಾರಾಟ, ಖರ್ಚು, ಸಾಲ ಯಾವುದೂ ನಿಮ್ಮ ಪಟ್ಟಿಗೆ ಸಾಲುಸಾಲಾಗಿ ಬರುವುದಿಲ್ಲ.

ಡಿವಿಡೆಂಡ್: ಆದಾಯವಲ್ಲ, ಹೂಡಿಕೆಯಿಂದ ಹೊರಬಂದ ಹಣ

ಲಾಭವಾದಾಗಲೇ ನಿಮ್ಮ ಪಾಲನ್ನು ಆದಾಯವೆಂದು ಬರೆದಾಗಿದೆ. ಅದೇ ಲಾಭ ನಗದಾಗಿ ಕೈಗೆ ಬಂದಾಗ ಮತ್ತೆ ಆದಾಯ ಎನ್ನುವಂತಿಲ್ಲ. ಅಸೋಸಿಯೇಟ್‌ನ ತಿಜೋರಿಯಿಂದ 15 ಹೊರಗೆ ಹೋಯಿತು, ಅದರ ನಿವ್ವಳ ಆಸ್ತಿ ಅಷ್ಟು ಇಳಿಯಿತು, ನಿಮ್ಮ ಹೂಡಿಕೆಯ ಮೊತ್ತವೂ 4.5 ಇಳಿಯಬೇಕು. ಬ್ಯಾಂಕ್‌ಗೆ ಡೆಬಿಟ್ 4.5, ಹೂಡಿಕೆಗೆ ಕ್ರೆಡಿಟ್ 4.5. ವರ್ಷಾಂತ್ಯದ ಮೊತ್ತ 90 + 10.2 − 4.5 = 95.7.

ಇಷ್ಟು ಗೊತ್ತಿದ್ದವರೂ ಎರಡು ಬಾರಿ ಎಣಿಸಿಬಿಡುವುದಕ್ಕೆ ಕಾರಣವಿದೆ. ಹೂಡಿಕೆದಾರ ಕಂಪನಿ ತನ್ನ ಪ್ರತ್ಯೇಕ ಹಣಕಾಸು ಪಟ್ಟಿಗಳಲ್ಲಿ ಈ ಷೇರನ್ನು ಕೊಂಡ ಬೆಲೆಗೇ ಇಟ್ಟುಕೊಳ್ಳಬಹುದು. ಹಾಗೆ ಇಟ್ಟರೆ ಅಲ್ಲಿ ಡಿವಿಡೆಂಡ್ ನ್ಯಾಯವಾಗಿಯೇ ಆದಾಯ, 4.5 ಲಾಭ-ನಷ್ಟಕ್ಕೆ ಹೋಗುತ್ತದೆ. ಕ್ರೋಡೀಕೃತ ಪಟ್ಟಿ ತಯಾರಿಸುವವರು ಆ ಅಂಕಿಗಳನ್ನು ಎತ್ತಿಕೊಂಡು, ಮೇಲೆ 10.2 ಸೇರಿಸಿ, ಒಳಗೇ ಕೂತಿರುವ 4.5ನ್ನು ಮರೆಯುತ್ತಾರೆ. ಹಾಗಾಗಿ ಕ್ರೋಡೀಕರಣದ ಹಾಳೆಯಲ್ಲಿ ಮಾಡಬೇಕಾದ ನಮೂದು ಬ್ಯಾಂಕ್‌ನದ್ದಲ್ಲ: ಡಿವಿಡೆಂಡ್ ಆದಾಯಕ್ಕೆ ಡೆಬಿಟ್ 4.5, ಹೂಡಿಕೆಗೆ ಕ್ರೆಡಿಟ್ 4.5.

ಇನ್ನೊಂದು ಸಣ್ಣ ಎಡವಟ್ಟು ತೆರಿಗೆಯದ್ದು. ಡಿವಿಡೆಂಡ್‌ನಲ್ಲಿ ತೆರಿಗೆ ಮುರಿದುಕೊಂಡು 4.05 ಮಾತ್ರ ಬ್ಯಾಂಕ್‌ಗೆ ಬಂದಿದ್ದರೂ ಹೂಡಿಕೆಯಿಂದ ಇಳಿಯಬೇಕಾದದ್ದು 4.5. ವ್ಯತ್ಯಾಸ 0.45 ತೆರಿಗೆಯ ಖಾತೆಗೆ ಹೋಗಬೇಕು. ಬ್ಯಾಂಕ್ ಪಾಸ್‌ಬುಕ್ ನೋಡಿ ನಮೂದು ಮಾಡಿದರೆ ಇದು ತಪ್ಪಿಹೋಗುತ್ತದೆ. ಡಿವಿಡೆಂಡ್ ಪತ್ರವನ್ನೇ ನೋಡಿ.

ಎರಡನೇ ವರ್ಷ: ನಷ್ಟವೂ ಇದೆ, ಡಿವಿಡೆಂಡೂ ಇದೆ

ವಿಧಾನದ ಗುಣ ಕಾಣುವುದು ಕೆಟ್ಟ ವರ್ಷದಲ್ಲಿ. ಮರುವರ್ಷ ಅಸೋಸಿಯೇಟ್‌ಗೆ 10 ನಷ್ಟ. ಆದರೂ ಹಳೆಯ ಮೀಸಲಿನಿಂದ 10 ಡಿವಿಡೆಂಡ್ ಕೊಟ್ಟಿತು. ನಷ್ಟದಲ್ಲಿ ನಿಮ್ಮ ಪಾಲು 3, ಯಂತ್ರದ ಸವಕಳಿ 1.2. ಕಳೆದ ವರ್ಷ ಉಳಿದಿದ್ದ ಸರಕು ಈ ವರ್ಷ ಹೊರಗೆ ಮಾರಾಟವಾಯಿತು, ಆದ್ದರಿಂದ ತಡೆಹಿಡಿದಿದ್ದ 0.6 ವಾಪಸು ಬರುತ್ತದೆ. ಒಟ್ಟು ನಷ್ಟದ ಪಾಲು 3.6. ಡಿವಿಡೆಂಡ್ 3. ಹೂಡಿಕೆ 95.7 − 3.6 − 3 = 89.1. ಕೈಗೆ 3 ಬಂದ ವರ್ಷವೇ ಲಾಭ-ನಷ್ಟ ಪಟ್ಟಿ 3.6 ನಷ್ಟ ತೋರಿಸುತ್ತದೆ.

ಪ್ರತ್ಯೇಕ ಪುಸ್ತಕದಲ್ಲಿ ಹೂಡಿಕೆ ಈಗಲೂ 90ರಲ್ಲೇ ನಿಂತಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಕ್ರೋಡೀಕರಣದ ಹಾಳೆಗೆ ಕಳೆದ ವರ್ಷದ ನೆನಪಿಲ್ಲ. ಅದಕ್ಕೇ ಎರಡನೇ ವರ್ಷದ ಮೊದಲ ನಮೂದು ಹಿಂದಿನ ವರ್ಷದ ನಿವ್ವಳ ಏರಿಕೆಯದ್ದು: ಹೂಡಿಕೆಗೆ ಡೆಬಿಟ್ 5.7, ಆರಂಭದ ಉಳಿಕೆ ಲಾಭಕ್ಕೆ ಕ್ರೆಡಿಟ್ 5.7. ಆಮೇಲಷ್ಟೇ ಈ ವರ್ಷದ 3.6 ಮತ್ತು 3. ಆರಂಭದ ಉಳಿಕೆ ಲಾಭ ಕಳೆದ ವರ್ಷದ ಮುಕ್ತಾಯಕ್ಕೆ ತಾಳೆಯಾಗದಿದ್ದರೆ ಮೊದಲು ಹುಡುಕಬೇಕಾದ ಜಾಗ ಇದೇ.

ಸರಿ ಬಂದಿದೆಯೇ? ಹಿಂದಿನಿಂದ ಲೆಕ್ಕ ಹಾಕಿ

ವರ್ಷದ ಕೊನೆಗೆ ಅಸೋಸಿಯೇಟ್‌ನ ಬ್ಯಾಲೆನ್ಸ್ ಶೀಟ್ ಹಿಡಿದು ಹೂಡಿಕೆಯನ್ನು ಹೊಸದಾಗಿ ಕಟ್ಟಿ ನೋಡಿ. ನಿವ್ವಳ ಆಸ್ತಿ ಮೊದಲ ವರ್ಷದ ಕೊನೆಗೆ 240 + 40 − 15 = 265, ಎರಡನೆಯದರ ಕೊನೆಗೆ 265 − 10 − 10 = 245.

| | ಮೊದಲ ವರ್ಷ | ಎರಡನೇ ವರ್ಷ |
|---|---|---|
| ನಿವ್ವಳ ಆಸ್ತಿಯ 30% | 79.5 | 73.5 |
| ಯಂತ್ರದ ಉಳಿದ ಹೆಚ್ಚುವರಿ ಮೌಲ್ಯದ 30% | 4.8 | 3.6 |
| ಗುಡ್‌ವಿಲ್ | 12.0 | 12.0 |
| ದಾಸ್ತಾನಿನ ಲಾಭದ 30% | −0.6 | 0 |
| ಹೂಡಿಕೆ | 95.7 | 89.1 |

ಎರಡೂ ದಾರಿಯಲ್ಲಿ ಒಂದೇ ಮೊತ್ತ ಬಂದರೆ ನೆಮ್ಮದಿ. ಬಾರದಿದ್ದರೆ ವ್ಯತ್ಯಾಸದ ಅಂಕಿಯೇ ಸುಳಿವು. 4.5 ಹೆಚ್ಚಿದ್ದರೆ ಡಿವಿಡೆಂಡ್ ಇಳಿಸಿಲ್ಲ. 1.2 ಹೆಚ್ಚಿದ್ದರೆ ಯಂತ್ರದ ಸವಕಳಿ ಬಿಟ್ಟಿದ್ದೀರಿ. ಯಾವುದಕ್ಕೂ ಹೊಂದದ ಮೊತ್ತವಾದರೆ, ಅಸೋಸಿಯೇಟ್ ಲಾಭ-ನಷ್ಟ ಪಟ್ಟಿಗೆ ತಾರದೆ ನೇರ ಮೀಸಲಿಗೆ ಒಯ್ದದ್ದೇನಾದರೂ ಇದೆಯೇ ನೋಡಿ. ಉದಾಹರಣೆಗೆ ಜಮೀನಿನ ಮರುಮೌಲ್ಯಮಾಪನ. ಅದರಲ್ಲೂ ನಿಮ್ಮ ಪಾಲು ಹೂಡಿಕೆಗೆ ಸೇರಬೇಕು, ಆದರೆ ಲಾಭದ ಮೂಲಕ ಅಲ್ಲ, ಇತರೆ ಸಮಗ್ರ ಆದಾಯದ ಮೂಲಕ. ಅಸೋಸಿಯೇಟ್‌ನ ವರ್ಷಾಂತ್ಯ ನಿಮ್ಮದಕ್ಕಿಂತ ಬೇರೆ ದಿನ ಇದ್ದರೂ ತಾಳೆ ತಪ್ಪುತ್ತದೆ. ಮೂರು ತಿಂಗಳವರೆಗಿನ ಅಂತರಕ್ಕೆ ಅವಕಾಶವಿದೆ, ಆದರೆ ನಡುವೆ ನಡೆದ ದೊಡ್ಡ ವ್ಯವಹಾರಗಳನ್ನು ಸರಿದೂಗಿಸಬೇಕು.

ಹೂಡಿಕೆ ಸೊನ್ನೆಗೆ ಬಂದರೆ

ನಷ್ಟ ಮುಂದುವರಿದು ಹೂಡಿಕೆ 8ಕ್ಕೆ ಇಳಿದಿದೆ, ಈ ವರ್ಷ ನಷ್ಟದ ಪಾಲು 11 ಎನ್ನಿ. ಬರೆಯಬೇಕಾದದ್ದು 8 ಮಾತ್ರ. ಅಸೋಸಿಯೇಟ್‌ನ ಸಾಲಕ್ಕೆ ನೀವು ಜಾಮೀನು ನಿಂತಿದ್ದರೆ, ಅಥವಾ ಬೇರೆ ರೀತಿಯಲ್ಲಿ ಹೊಣೆ ಹೊತ್ತಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಹೂಡಿಕೆ ಋಣಾತ್ಮಕವಾಗುವುದಿಲ್ಲ. ಆದರೆ ಷೇರಿನ ಮೊತ್ತ ತೀರಿತೆಂದು ಅಲ್ಲಿಗೇ ನಿಲ್ಲಬೇಡಿ. ಸದ್ಯದಲ್ಲಿ ವಾಪಸು ಕೇಳುವ ಯೋಚನೆಯೇ ಇಲ್ಲದ, ಜಾಮೀನು ಆಸ್ತಿಯೂ ಇಲ್ಲದ ಸಾಲವನ್ನು ನೀವು ಅಸೋಸಿಯೇಟ್‌ಗೆ ಕೊಟ್ಟಿದ್ದರೆ ಅದೂ ಹೂಡಿಕೆಯ ಭಾಗವೇ. ಉಳಿದ 3ನ್ನು ಆ ಸಾಲ ಹೊರಬೇಕು.

ಅಂಥ ಸಾಲವೂ ಇಲ್ಲವೆಂದರೆ 3 ಪುಸ್ತಕಕ್ಕೆ ಬರುವುದಿಲ್ಲ, ಆದರೆ ಕಡತದಲ್ಲಿ ಇರಲೇಬೇಕು. ಮರುವರ್ಷ ಲಾಭದ ಪಾಲು 5 ಬಂದರೆ ಮೊದಲ 3 ಈ ಬಾಕಿಗೆ ವಜಾ ಆಗುತ್ತದೆ, ನೀವು ಬರೆಯುವ ಆದಾಯ 2. ಲೆಕ್ಕ ನೋಡುವವರು ಬದಲಾದ ಕಡೆಗಳಲ್ಲಿ ಕಾಣೆಯಾಗುವುದು ಈ 3ರ ಚೀಟಿಯೇ. ಹೊಸಬರು ಪೂರ್ತಿ 5ನ್ನೂ ಆದಾಯಕ್ಕೆ ಬರೆದುಬಿಡುತ್ತಾರೆ.