ಚಾರಿಯಟ್ ಬಂದ ಕೂಡಲೇ ಟಿಕೆಟ್ ಬುಕ್ ಮಾಡಬೇಡಿ
ಬೇರೆ ಬೇರೆ ಊರಲ್ಲಿರುವ ಪ್ರೇಮಿಗಳ ಸಂಬಂಧಕ್ಕೆ ಮೂರು ಟ್ಯಾರೋ ಕಾರ್ಡ್ ಹಾಕುವಾಗ ಜಾಗಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ: ನಾನು, ಅವರು, ಮುಂದಿನ ಹೆಜ್ಜೆ. ಮೊನ್ನೆ ಗೆಳತಿಗೆ ಚಾರಿಯಟ್, ಸ್ಟಾರ್, ಸಿಕ್ಸ್ ಆಫ್ ಸೋರ್ಡ್ಸ್ ಇದೇ ಸಾಲಿನಲ್ಲಿ ಬಂದವು. ರಥ ಕಂಡು "ಹೊರಟುಬಿಡ್ಲಾ?" ಅಂದಳು. ತಾಳು ಅಂದೆ. ರೈಡರ್-ವೇಟ್ ಎಂಬ ಟ್ಯಾರೋ ಕಟ್ಟಿನ ಚಿತ್ರದಲ್ಲಿ ರಥದ ಮುಂದಿರುವ ಆ ಕಪ್ಪು ಬಿಳಿ ಸ್ಫಿಂಕ್ಸ್‌ಗಳಿಗೆ ಲಗಾಮೇ ಇಲ್ಲ. ಹಾಗೇ ಗೆಳತಿಯೂ ಬರೀ ಹಟದಿಂದ ಸಂಬಂಧವನ್ನು ಎಳೆಯುತ್ತಿದ್ದಾಳೆ. ಅವಳ ಹುಡುಗನ ಜಾಗದ ಸ್ಟಾರ್‌ನಲ್ಲಿ ಹೆಂಗಸು ಮಂಡಿಯೂರಿ ನಿಧಾನವಾಗಿ ನೀರು ಸುರಿಯುತ್ತಾಳೆ. ಪ್ರೀತಿ ಇದೆ, ಅವಸರ ಇಲ್ಲ. ಜಗಳ ಈ ವೇಗದ್ದೇ, ಅಲ್ವಾ?

ಕೊನೆಯ ಸಿಕ್ಸ್ ಆಫ್ ಸೋರ್ಡ್ಸ್ ಅನ್ನು ಸುಮ್ನೆ ಬ್ರೇಕಪ್ ಅಂತ ಓದಬೇಡಿ. ಅದರ ಚಿತ್ರದಲ್ಲಿ ದೋಣಿ ತಿಳಿನೀರಿನ ಕಡೆಗೇ ಹೊರಟಿದೆ, ಆದರೆ ಕತ್ತಿಗಳೂ ಜೊತೆಗಿವೆ. ಊರು ಬದಲಿಸುವ ಮುಂಚೆ ಹಳೇ ಜಗಳ ಮಾತಾಡಿ ಮುಗಿಸು ಎಂದೆ. ಇದೇ ಕಾರ್ಡ್ ಅವನ ಜಾಗದಲ್ಲಿ ಬಿದ್ದಿದ್ದರೆ, ಅವನು ಆಗಲೇ ದೂರ ಸರಿಯುತ್ತಿದ್ದಾನಾ ಎಂದು ಕೇಳುತ್ತಿದ್ದೆ.